ಒಂದೇ ತಂತಿಗೆ ಎರಡು ಚಿಪ್: ಓಪನ್-ಡ್ರೈನ್ ಎಲ್ಲಿ ಬೇಕು, ಪುಶ್-ಪುಲ್ ಎಲ್ಲಿ ಸಾಕು

ಗಡಿಯಾರದ ಚಿಪ್ ಡಿಎಸ್3231 ಮತ್ತು ಚಲನೆಯನ್ನು ಗುರುತಿಸುವ ಎಂಪಿಯು-6050, ಇವೆರಡನ್ನೂ 3.3 ವೋಲ್ಟ್‌ನ ಮೈಕ್ರೋಕಂಟ್ರೋಲರ್‌ಗೆ ಜೋಡಿಸಿದ್ದೀರಿ ಎಂದಿಟ್ಟುಕೊಳ್ಳೋಣ. ಅಲಾರಂ ಸಮಯವಾದರೂ ಸರಿ, ಪೆಟ್ಟಿಗೆಯನ್ನು ಯಾರಾದರೂ ಅಲುಗಾಡಿಸಿದರೂ ಸರಿ, ಮೈಕ್ರೋಕಂಟ್ರೋಲರ್ ನಿದ್ದೆಯಿಂದ ಏಳಬೇಕು. ಖಾಲಿ ಉಳಿದಿರುವುದು ಒಂದೇ ಇಂಟರಪ್ಟ್ ಪಿನ್ ಆದ್ದರಿಂದ ಎರಡು ಚಿಪ್‌ಗಳ ಸೂಚನೆಯೂ ಒಂದೇ ತಂತಿಯಲ್ಲಿ ಬರಬೇಕು. ಇದು ಸಾಧ್ಯ, ಆದರೆ ಎರಡು ಔಟ್‌ಪುಟ್ ಪಿನ್‌ಗಳನ್ನು ಸುಮ್ಮನೆ ಸೇರಿಸಿ ಬೆಸುಗೆ ಹಾಕಿದರೆ ಆಗುವುದಿಲ್ಲ.

ಮೊದಲು ಪಿನ್ನಿನ ಒಳಗೆ ಏನಿದೆ ಎಂಬುದನ್ನು ನೋಡಬೇಕು. ಪುಶ್-ಪುಲ್ ಪಿನ್ನಿನಲ್ಲಿ ಎರಡು ಟ್ರಾನ್ಸಿಸ್ಟರ್‌ಗಳಿರುತ್ತವೆ. ಮೇಲಿನದು ತಂತಿಯನ್ನು 3.3 ವೋಲ್ಟ್‌ಗೆ ಎತ್ತುತ್ತದೆ, ಕೆಳಗಿನದು ಗ್ರೌಂಡ್‌ಗೆ ಎಳೆಯುತ್ತದೆ, ಮತ್ತು ಔಟ್‌ಪುಟ್ ಆಗಿರುವಷ್ಟು ಹೊತ್ತೂ ಎರಡರಲ್ಲೊಂದು ಕೆಲಸ ಮಾಡುತ್ತಲೇ ಇರುತ್ತದೆ. ಓಪನ್-ಡ್ರೈನ್ ಪಿನ್ನಿನಲ್ಲಿ ಮೇಲಿನ ಟ್ರಾನ್ಸಿಸ್ಟರ್ ಕೆಲಸಕ್ಕೆ ಬರುವುದಿಲ್ಲ; ಪಿನ್ ತಂತಿಯನ್ನು ಕೆಳಕ್ಕೆ ಎಳೆಯಬಲ್ಲದು ಅಥವಾ ಕೈಬಿಡಬಲ್ಲದು, ಅಷ್ಟೆ. ಕೈಬಿಟ್ಟ ತಂತಿಯನ್ನು ಮೇಲಕ್ಕೆ ತರುವುದು ಹೊರಗಿನ ಪುಲ್-ಅಪ್ ರೆಸಿಸ್ಟರ್‌ನ ಕೆಲಸ. ಹಳೆಯ ಬಸ್ಸುಗಳಲ್ಲಿ ಉದ್ದಕ್ಕೂ ಕಟ್ಟಿರುತ್ತಿದ್ದ ಗಂಟೆಯ ಹಗ್ಗವನ್ನು ಯಾರು ಬೇಕಾದರೂ ಎಳೆಯಬಹುದಿತ್ತು, ಇಬ್ಬರು ಒಟ್ಟಿಗೆ ಎಳೆದರೂ ತೊಂದರೆಯಿರಲಿಲ್ಲ. ಈ ತಂತಿಯೂ ಹಾಗೆಯೇ. ಎಲ್ಲ ಪಿನ್‌ಗಳೂ ಕೈಬಿಟ್ಟಾಗ ಮಾತ್ರ ತಂತಿ ಮೇಲಿನ ಮಟ್ಟದಲ್ಲಿರುತ್ತದೆ, ಒಂದು ಎಳೆದರೂ ಕೆಳಗಿಳಿಯುತ್ತದೆ. ಯಾವ ಲಾಜಿಕ್ ಚಿಪ್ಪೂ ಇಲ್ಲದೆ ತಂತಿಯೇ ಆ್ಯಂಡ್ ಗೇಟಿನಂತೆ ನಡೆದುಕೊಳ್ಳುವ ಈ ಜೋಡಣೆಯನ್ನು ವೈರ್ಡ್-ಆ್ಯಂಡ್ ಎನ್ನುತ್ತಾರೆ.

ಈಗ ಜೋಡಣೆಗೆ ಬರೋಣ. ಡಿಎಸ್3231ರ ಇಂಟರಪ್ಟ್ ಪಿನ್ ಹುಟ್ಟಿನಿಂದಲೇ ಓಪನ್-ಡ್ರೈನ್ ಆಗಿರುವುದರಿಂದ ಅಲ್ಲಿ ಬದಲಾಯಿಸುವುದೇನೂ ಇಲ್ಲ. ಎಂಪಿಯು-6050 ಹಾಗಲ್ಲ. ವಿದ್ಯುತ್ ಕೊಟ್ಟ ಕ್ಷಣದಲ್ಲಿ ಅದರ ಇಂಟರಪ್ಟ್ ಪಿನ್ ಪುಶ್-ಪುಲ್ ಆಗಿರುತ್ತದೆ, ಅದೂ ಸೂಚನೆ ಬಂದಾಗ ಮೇಲಕ್ಕೇರುವ ಬಗೆಯದು. ಸುಮ್ಮನಿರುವಾಗ ಅದು ತಂತಿಯನ್ನು ಗ್ರೌಂಡ್‌ಗೆ ಹಿಡಿದೇ ಇರುತ್ತದೆ ಎಂದಾಯಿತು. ಅಲಾರಂ ಎಷ್ಟು ಸಲ ಬಾರಿಸಿದರೂ ಮೈಕ್ರೋಕಂಟ್ರೋಲರ್‌ಗೆ ಬದಲಾವಣೆ ಕಾಣಿಸುವುದಿಲ್ಲ. ಇದನ್ನು ಸರಿಪಡಿಸುವ ರಿಜಿಸ್ಟರ್ 0x37. ಅದರ 7ನೇ ಬಿಟ್ ಸೂಚನೆಯನ್ನು ಕೆಳಮಟ್ಟಕ್ಕೆ ತಿರುಗಿಸುತ್ತದೆ, 6ನೇ ಬಿಟ್ ಪಿನ್ನನ್ನು ಓಪನ್-ಡ್ರೈನ್ ಮಾಡುತ್ತದೆ, 5ನೇ ಬಿಟ್ ನಾವು ಓದುವವರೆಗೂ ಸೂಚನೆಯನ್ನು ಹಿಡಿದಿಡುತ್ತದೆ. ಮೂರೂ ಸೇರಿದರೆ 0xE0.

```
Wire.beginTransmission(0x69);
Wire.write(0x37);
Wire.write(0xE0);
Wire.endTransmission();
```

ವಿಳಾಸ 0x69 ಏಕೆಂದರೆ, ಎರಡೂ ಚಿಪ್‌ಗಳ ವಿಳಾಸ ಸಾಮಾನ್ಯವಾಗಿ 0x68 ಆಗಿದ್ದು, ಎಂಪಿಯುವಿನ ಎಡಿ0 ಪಿನ್ನನ್ನು 3.3 ವೋಲ್ಟ್‌ಗೆ ಕಟ್ಟಿ ಅದನ್ನು ಪಕ್ಕಕ್ಕೆ ಸರಿಸಲೇಬೇಕಾಗುತ್ತದೆ.

ಬಳಿಕ ಎರಡು ಇಂಟರಪ್ಟ್ ಪಿನ್‌ಗಳನ್ನೂ ಸೇರಿಸಿ, ಆ ತಂತಿಯಿಂದ 3.3 ವೋಲ್ಟ್‌ಗೆ 10 ಕಿಲೋ ಓಮ್‌ನ ಒಂದು ರೆಸಿಸ್ಟರ್ ಹಾಕಿ. ತಂತಿ ಕೆಳಗಿರುವಾಗ ಹರಿಯುವ ಕರೆಂಟ್ 0.33 ಮಿಲಿಆ್ಯಂಪ್ ಮಾತ್ರ. ಗಡಿಯಾರದ ಮಾಡ್ಯೂಲ್ ಕೊಂಡಿದ್ದರೆ ಅದರ ಬೋರ್ಡಿನ ಮೇಲೆಯೇ ಪುಲ್-ಅಪ್ ಇರುವ ಸಂಭವ ಹೆಚ್ಚು. ಆ ಮಾಡ್ಯೂಲಿಗೆ 5 ವೋಲ್ಟ್ ಕೊಟ್ಟರೆ ಅದೇ ರೆಸಿಸ್ಟರ್ ಮೂಲಕ 5 ವೋಲ್ಟ್ ಎಂಪಿಯುವಿನ ಪಿನ್ನಿಗೂ ತಲುಪುತ್ತದೆ. ಆದ್ದರಿಂದ ಎಲ್ಲಕ್ಕೂ 3.3 ವೋಲ್ಟನ್ನೇ ಕೊಡುವುದು ಕ್ಷೇಮ.

ಇಲ್ಲಿ ಎಲ್ಲಕ್ಕಿಂತ ಕಾಡುವ ತಪ್ಪು 0xE0 ಬದಲು 0xA0 ಬರೆಯುವುದು, ಅಂದರೆ ಕೆಳಮಟ್ಟದ ಸೂಚನೆಯನ್ನು ಆರಿಸಿ ಓಪನ್-ಡ್ರೈನ್ ಬಿಟ್ಟನ್ನು ಮರೆಯುವುದು. ಎಂಪಿಯು ಒಂದನ್ನೇ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಗಡಿಯಾರವೂ ಸೇರಿ ಅಲಾರಂ ಬಂದಾಗ ಮಾತ್ರ ಒಂದು ಚಿಪ್ ತಂತಿಯನ್ನು ಮೇಲಕ್ಕೆ ತಳ್ಳುತ್ತದೆ, ಇನ್ನೊಂದು ಕೆಳಕ್ಕೆ ಎಳೆಯುತ್ತದೆ. ಎರಡು ಟ್ರಾನ್ಸಿಸ್ಟರ್‌ಗಳ ನಡುವೆ ತಡೆಯೇ ಇಲ್ಲದೆ ಕರೆಂಟ್ ಹರಿದು, ತಂತಿಯ ಮಟ್ಟ 0 ವೋಲ್ಟೂ ಅಲ್ಲದ 3.3 ವೋಲ್ಟೂ ಅಲ್ಲದ ಎಲ್ಲೋ ನಡುವೆ ನಿಲ್ಲುತ್ತದೆ. ಆ ಮಟ್ಟವನ್ನು ಮೈಕ್ರೋಕಂಟ್ರೋಲರ್ ಒಮ್ಮೆ ಹೀಗೆ, ಒಮ್ಮೆ ಹಾಗೆ ಓದಬಹುದು. ಅಲಾರಂ ಸಕ್ರಿಯವಾಗಿರುವಾಗ ಮಲ್ಟಿಮೀಟರ್ 1 ಅಥವಾ 1.5 ವೋಲ್ಟಿನಂಥ ಸಂಖ್ಯೆ ತೋರಿಸಿದರೆ ಇಂಥ ಜಗಳವನ್ನೇ ಶಂಕಿಸಬೇಕು.

ಇದನ್ನು ಮೊದಲೇ ಕಂಡುಕೊಳ್ಳಲು ಸುಲಭದ ಪರೀಕ್ಷೆಯೊಂದಿದೆ. ಎಂಪಿಯುವಿನ ಇಂಟರಪ್ಟ್ ಪಿನ್ನನ್ನು ತಂತಿಯಿಂದ ಬಿಡಿಸಿ, 10 ಕಿಲೋ ಓಮ್ ರೆಸಿಸ್ಟರನ್ನು ಪಿನ್ನಿನಿಂದ ಗ್ರೌಂಡ್‌ಗೆ ಕಟ್ಟಿ, ಸೂಚನೆಯಿಲ್ಲದ ಹೊತ್ತಿನಲ್ಲಿ ಅಳೆಯಿರಿ. ಕೆಳಮಟ್ಟದ ಸೂಚನೆಗೆ ಹೊಂದಿಸಿದ ಪಿನ್ ಪುಶ್-ಪುಲ್ ಆಗಿದ್ದರೆ 3.3 ವೋಲ್ಟ್ ಕಾಣುತ್ತದೆ, ಓಪನ್-ಡ್ರೈನ್ ಆಗಿದ್ದರೆ ಸೊನ್ನೆ. ಎಂಪಿಯುವಿಗೆ ವಿದ್ಯುತ್ ಕ್ಷಣಕಾಲ ತಪ್ಪಿದರೂ ರಿಜಿಸ್ಟರ್ ಮೂಲ ಸ್ಥಿತಿಗೆ ಮರಳುತ್ತದೆ ಎಂಬುದು ನೆನಪಿರಲಿ. ಚೆನ್ನಾಗಿ ನಡೆಯುತ್ತಿದ್ದ ತಂತಿ ಒಂದು ದಿನ ಸೊನ್ನೆಯಲ್ಲೇ ಅಂಟಿಕೊಂಡಿದ್ದರೆ ಮೊದಲು 0x37 ಅನ್ನು ಓದಿ ನೋಡಿ.

ತಂತಿ ಸರಿಯಾದ ಮೇಲೂ ಪ್ರೋಗ್ರಾಮಿನಲ್ಲಿ ಒಂದು ಹೊಂಚು ಉಳಿದಿರುತ್ತದೆ. ಗಡಿಯಾರ ಆಗಲೇ ತಂತಿಯನ್ನು ಎಳೆದಿರುವಾಗ ಎಂಪಿಯುವೂ ಎಳೆದರೆ ಮಟ್ಟದಲ್ಲಿ ಹೊಸ ಇಳಿತವೇ ಆಗುವುದಿಲ್ಲ. ಇಳಿತವನ್ನು ನೋಡಿ ಏಳುವ ಇಂಟರಪ್ಟ್ ಎರಡನೆಯ ಕರೆಯನ್ನು ಕಾಣುವುದಿಲ್ಲ, ಆ ಕರೆಯನ್ನು ಯಾರೂ ವಿಚಾರಿಸದ ಕಾರಣ ತಂತಿ ಮೇಲೇಳುವುದೂ ಇಲ್ಲ, ಮುಂದಿನ ಇಳಿತವೂ ಬರುವುದಿಲ್ಲ. ಹಾಗಾಗಿ ಎದ್ದ ಮೇಲೆ ತಂತಿ ಮೇಲೇಳುವವರೆಗೂ ಎರಡು ಚಿಪ್‌ಗಳನ್ನೂ ವಿಚಾರಿಸಬೇಕು. ಎಂಪಿಯುವಿನ 0x3A ರಿಜಿಸ್ಟರನ್ನು ಓದಿದರೆ ಅದರ ಸೂಚನೆ ಅಳಿಯುತ್ತದೆ. ಗಡಿಯಾರದ 0x0F ರಿಜಿಸ್ಟರಿನಲ್ಲಿ ಅಲಾರಂ ಬಿಟ್ಟಿಗೆ ನಾವೇ ಸೊನ್ನೆ ಬರೆಯಬೇಕು. ಈ ಸುತ್ತಿಗೆ ಒಂದು ಮಿತಿ ಹಾಕಿಡಿ, ಇಲ್ಲವಾದರೆ ಕೆಟ್ಟ ಚಿಪ್ಪೊಂದು ಪ್ರೋಗ್ರಾಮನ್ನು ಅಲ್ಲೇ ಸುತ್ತಿಸುತ್ತಿರುತ್ತದೆ.

ಹಾಗಾದರೆ ಎಲ್ಲ ಪಿನ್‌ಗಳನ್ನೂ ಓಪನ್-ಡ್ರೈನ್ ಮಾಡಿಬಿಡಬಾರದೇ? ಬಾರದು. ರೆಸಿಸ್ಟರ್ ತಂತಿಯನ್ನು ಮೇಲಕ್ಕೆ ತರುವುದು ನಿಧಾನವಾಗಿ. 10 ಕಿಲೋ ಓಮ್ ಮತ್ತು ತಂತಿಯ 50 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಸೇರಿದರೆ ಏರಿಕೆಗೆ ಸುಮಾರು 1 ಮೈಕ್ರೋಸೆಕೆಂಡ್ ಬೇಕು. ಇಂಟರಪ್ಟ್‌ಗೆ ಇದು ಏನೂ ಅಲ್ಲ. 8 ಮೆಗಾಹರ್ಟ್ಸ್‌ನ ಎಸ್‌ಪಿಐ ಕ್ಲಾಕ್‌ನಲ್ಲಿ ಒಂದು ಮಟ್ಟ ಉಳಿಯುವುದೇ 62.5 ನ್ಯಾನೋಸೆಕೆಂಡ್. ಎಸ್‌ಪಿಐ ಕ್ಲಾಕ್, ಸೀರಿಯಲ್ ಪೋರ್ಟಿನ ಕಳುಹಿಸುವ ತಂತಿ ಮುಂತಾದ, ಒಬ್ಬರೇ ಮಾತನಾಡುವ ಕಡೆಗಳಿಗೆ ಪುಶ್-ಪುಲ್ಲೇ ಸರಿ.

ಐ2ಸಿ ಬಸ್ ಮಾತ್ರ ವೇಗವೂ ಬೇಕು, ಹಂಚಿಕೆಯೂ ಬೇಕು ಎನ್ನುವ ಜಾಗ. ಪ್ರತಿ ಬೈಟಿನ ಬಳಿಕ, ಒಂಬತ್ತನೆಯ ಕ್ಲಾಕಿನಲ್ಲಿ, ಸ್ವೀಕರಿಸಿದ ಚಿಪ್ ಡೇಟಾ ತಂತಿಯನ್ನು ಕೆಳಕ್ಕೆ ಎಳೆದು ಒಪ್ಪಿಗೆ ಕೊಡುತ್ತದೆ. ಕಳುಹಿಸಿದವರು ಆಗ ಕೈಬಿಟ್ಟಿರಲೇಬೇಕು. 400 ಕಿಲೋಹರ್ಟ್ಸ್‌ನಲ್ಲಿ ಏರಿಕೆ 300 ನ್ಯಾನೋಸೆಕೆಂಡ್ ಮೀರುವಂತಿಲ್ಲ. ಬಸ್ಸಿನ ಕೆಪಾಸಿಟೆನ್ಸ್ 100 ಪಿಕೋಫ್ಯಾರಡ್ ಇದ್ದರೆ 4.7 ಕಿಲೋ ಓಮ್‌ಗೆ ಸುಮಾರು 400 ನ್ಯಾನೋಸೆಕೆಂಡ್ ಹಿಡಿಯುತ್ತದೆ, 2.2 ಕಿಲೋ ಓಮ್‌ಗೆ 190ರ ಆಸುಪಾಸು. ಆದರೆ ಇಳಿಸುವುದಕ್ಕೂ ಒಂದು ತಳವಿದೆ: ಪಿನ್ 3 ಮಿಲಿಆ್ಯಂಪ್ ಎಳೆಯುತ್ತಾ 0.4 ವೋಲ್ಟ್‌ಗೆ ಇಳಿಯಬೇಕೆಂಬ ನಿಯಮದಂತೆ 3.3 ವೋಲ್ಟ್‌ನಲ್ಲಿ ಅದು ಸುಮಾರು 970 ಓಮ್. ತಲಾ 4.7 ಕಿಲೋ ಓಮ್ ಇರುವ ಐದು ಮಾಡ್ಯೂಲ್‌ಗಳನ್ನು ಒಂದೇ ಬಸ್ಸಿಗೆ ಸೇರಿಸಿದರೆ ಒಟ್ಟು 940 ಓಮ್ ಆಗಿ ಆ ತಳ ದಾಟುತ್ತದೆ. ಆಗ ಒಂದೆರಡು ಬೋರ್ಡುಗಳ ಮೇಲಿನ ರೆಸಿಸ್ಟರ್‌ಗಳನ್ನು ಬೆಸುಗೆ ಬಿಡಿಸಿ ತೆಗೆಯಬೇಕಾಗುತ್ತದೆ.