ತೇರಿನ ಕ್ಲಿಪ್ಪಿನ ಬಿಳಿ ಆಕಾಶದಿಂದ ನಾನು ಹೊರತೆಗೆದದ್ದೆಷ್ಟು

ನಮ್ಮ ತಾಲ್ಲೂಕಿನ ಒಂದು ಜಾತ್ರೆಯ ವಿಡಿಯೊ ಸಿದ್ಧಪಡಿಸುವಾಗ, ತೇರು ಪಾದಗಟ್ಟೆ ಮುಟ್ಟುವ ಘಳಿಗೆಯ ದೃಶ್ಯ ನಮ್ಮ ಕ್ಯಾಮೆರಾದಲ್ಲಿ ಇರಲಿಲ್ಲ. ಸಮಿತಿಯ ಹುಡುಗನೊಬ್ಬ ತನ್ನ ಸಾಧಾರಣ ಫೋನಿನಲ್ಲಿ ತೆಗೆದಿದ್ದ ನಲವತ್ತು ಸೆಕೆಂಡಿನ ಕ್ಲಿಪ್ ಮಾತ್ರ ಇತ್ತು. ಸಂಜೆ ಐದರ ಹೊತ್ತು, ತೇರಿನ ಹಿಂದೆಯೇ ಸೂರ್ಯ. ಫೋನು ಜನರ ಮುಖಗಳಿಗೆ ಎಕ್ಸ್‌ಪೋಷರ್ ಏರಿಸಿದ್ದರಿಂದ ಆಕಾಶವೆಲ್ಲ ಬರ್ನ್ ಆಗಿ, ಕಳಸದ ಅಂಚೂ, ಜನ ಎಸೆಯುತ್ತಿದ್ದ ಬಾಳೆಹಣ್ಣು, ಉತ್ತತ್ತಿಗಳೂ ಆ ಬಿಳಿಯಲ್ಲಿ ಕರಗಿಹೋಗಿದ್ದವು. ಪರಿಚಯದ ಮೂವರು ಎಡಿಟರ್‌ಗಳು ನೋಡಿ, ‘ಇದರಲ್ಲಿ ಏನೂ ಇಲ್ಲ, ಬೇರೆ ಆಕಾಶ ಕೂರಿಸಿ ಮುಗಿಸಿ’ ಎಂದರು. ಬೆಂಗಳೂರಿನ ಒಂದು ಲ್ಯಾಬ್ ಆಕಾಶ ಬದಲಿಸಲು ಕೇಳಿದ ಹಣ, ಇಡೀ ಜಾತ್ರೆಯ ಕೆಲಸಕ್ಕೆ ನಮಗೆ ಬರಲಿದ್ದ ಎಂಟು ಸಾವಿರಕ್ಕಿಂತ ಹೆಚ್ಚಾಗಿತ್ತು. ಹಾರುವ ಬಾಳೆಹಣ್ಣನ್ನೂ ಅಲುಗುವ ಹಗ್ಗವನ್ನೂ ಫ್ರೇಮ್ ಫ್ರೇಮಾಗಿ ಕತ್ತರಿಸುವ ಕೆಲಸ ಅಗ್ಗಕ್ಕೆ ಆಗುವುದೂ ಇಲ್ಲ.

ಆ ಮೂವರು ಎಡಿಟರ್‌ಗಳು ಹೇಗೆ ನೋಡಿದ್ದರು ಎಂಬುದನ್ನು ಮೊದಲು ಹೇಳಬೇಕು. ಒಬ್ಬರು ಎಂಟು ಬಿಟ್‌ನಲ್ಲಿ, ಅಂದರೆ ಹೊಳಪನ್ನು 256 ಮೆಟ್ಟಿಲುಗಳಲ್ಲಿ ಎಣಿಸಿ, ಕೆಲಸ ಮಾಡುವ ಎಡಿಟಿಂಗ್ ತಂತ್ರಾಂಶದಲ್ಲಿ ತೆರೆದು ಹೈಲೈಟ್ ಇಳಿಸಿದ್ದರು. ಬಿಳಿ ಬೂದುಬಣ್ಣವಾಯಿತೇ ಹೊರತು ಒಳಗಿನಿಂದ ಏನೂ ಏಳಲಿಲ್ಲ. ಮತ್ತೊಬ್ಬರ ಪ್ರಾಜೆಕ್ಟ್‌ನಲ್ಲಿ ಮೊದಲ ನೋಡ್‌ನಲ್ಲಿಯೇ, ಅಂದರೆ ಬಣ್ಣ ತಿದ್ದುವ ಮೊದಲ ಹಂತದಲ್ಲಿಯೇ, ಲಟ್ ಎಂಬ ಅವರ ಮೆಚ್ಚಿನ ಸಿದ್ಧ ಬಣ್ಣಪಟ್ಟಿ ಕೂತಿತ್ತು. ಲಟ್ ತನ್ನ ಮಿತಿಯನ್ನು ಮೀರಿ ಬಂದ ಬೆಳಕನ್ನು ಕತ್ತರಿಸಿಯೇ ಮುಂದೆ ಕಳಿಸುವುದರಿಂದ, ಆಮೇಲೆ ಬೆಳಕಿನ ಭಾಗವನ್ನು ಏರಿಳಿಸುವ ಗೇನ್ ಎಷ್ಟು ಇಳಿಸಿದರೂ ಪ್ರಯೋಜನವಿಲ್ಲ. ಎರಡು ಕಡೆಯೂ ವಿವರ ಸತ್ತದ್ದು ಫೋನಿನಲ್ಲಿ ಅಲ್ಲ, ಎಡಿಟಿಂಗ್ ಮೇಜಿನ ಮೇಲೆ.

ನಾನು ಮೊದಲು ಕೇಳಿದ್ದು ಮೂಲ ಕಡತವನ್ನು. ಮೆಸೇಜಿನಲ್ಲಿ ಬಂದ ಪ್ರತಿ ಮರುಕುಗ್ಗಿಸಿದ್ದು. ಕುತೂಹಲಕ್ಕೆ ಎರಡನ್ನೂ ಅಳೆದಾಗ ಆ ಪ್ರತಿಯ ಆಕಾಶದಲ್ಲಿ ಎರಡೋ ಮೂರೋ ಮೆಟ್ಟಿಲುಗಳಷ್ಟೇ ಉಳಿದಿದ್ದವು. ಮೂಲ ಸಿಕ್ಕ ಮೇಲೆ, ಯಾವ ಎಡಿಟಿಂಗ್ ತಂತ್ರಾಂಶದಲ್ಲಿಯೂ ತೆರೆಯದೆ ಹೀಗೆ ನೋಡಿದೆ:

```
ffprobe -v error -select_streams v:0 -show_entries stream=codec_name,pix_fmt,color_range,bit_rate teru.mp4
ffmpeg -i teru.mp4 -vf "crop=600:200:100:0,signalstats,metadata=print" -f null -
```

ಮೊದಲ ಸಾಲು h264, yuv420p, tv, ಸುಮಾರು 17 ಮೆಗಾಬಿಟ್ ಎಂದಿತು. tv ಎಂದರೆ 0ಯಿಂದ 255ರವರೆಗಿನ ಹೊಳಪಿನ ಅಳತೆಯಲ್ಲಿ ಬಿಳಿ 235ಕ್ಕೆ ಮುಗಿಯಬೇಕು. ಆದರೆ ಆಕಾಶದ ತುಂಡನ್ನಷ್ಟೇ ಅಳೆದ ಎರಡನೆಯ ಸಾಲಿನಲ್ಲಿ ಅತಿ ಕಡಿಮೆ ಹೊಳಪಾದ YMIN 238ರ ಆಸುಪಾಸು, ಅತಿ ಹೆಚ್ಚಿನ ಹೊಳಪಾದ YMAX 251ರ ಆಸುಪಾಸು ಬಂದಿತು. ಹಲವು ಫೋನುಗಳು ಹೀಗೆ tv ಎಂಬ ಚೀಟಿ ಅಂಟಿಸಿಯೂ 235ರ ಮೇಲೆ ಬರೆಯುತ್ತವೆ. ಅಂದರೆ ಇಡೀ ಆಕಾಶ ‘ಬಿಳಿ’ ಎಂಬ ಗೆರೆಯ ಮೇಲೆ ಸುಮಾರು ಹದಿಮೂರು ಮೆಟ್ಟಿಲುಗಳಲ್ಲಿ ಕೂತಿತ್ತು. ನಮ್ಮ ತಂತ್ರಾಂಶಗಳು ಅದನ್ನು ತೋರಿಸುತ್ತಿರಲಿಲ್ಲ ಅಷ್ಟೆ. ಕ್ರಾಪ್‌ನ ಜಾಗ ಬದಲಿಸುತ್ತ ಆಕಾಶವನ್ನು ತುಂಡು ತುಂಡಾಗಿ ಅಳೆದೆ. ಸೂರ್ಯನ ಪಕ್ಕದ ತುಂಡಿನಲ್ಲಿ YMIN ಮತ್ತು YMAX ಎರಡೂ 251ಕ್ಕೆ ಅಂಟಿಕೊಂಡು ಫ್ರೇಮಿನಿಂದ ಫ್ರೇಮಿಗೆ ಅಲುಗಲೇ ಇಲ್ಲ. ಅಂಥದ್ದು ಸತ್ತ ಜಾಗ. ಅಂದಾಜು ಆಕಾಶದ ಮೂರನೇ ಒಂದು ಭಾಗ. ಮಿಕ್ಕಿದ್ದು ಜೀವಂತ.

ಹದಿಮೂರು ಮೆಟ್ಟಿಲು ಎಂದರೆ ಎಷ್ಟು ಎಂಬ ಲೆಕ್ಕವನ್ನೂ ಹಾಕಿದೆ. ಎಚ್‌ಡಿ ವಿಡಿಯೊದ Rec.709 ಎಂಬ ಮಾನದಂಡದ ಸೂತ್ರದಂತೆ 235ರಿಂದ 255ರವರೆಗಿನ ಜಾಗ ಹಿಡಿಯುವುದು ಸುಮಾರು ಕಾಲು ಸ್ಟಾಪ್ ಮಾತ್ರ; ಬೆಳಕು ಎರಡು ಪಟ್ಟಾದರೆ ಒಂದು ಸ್ಟಾಪ್. ಆದರೆ ಫೋನುಗಳು ಆ ಸೂತ್ರವನ್ನು ಹಾಗೆಯೇ ಪಾಲಿಸುವುದಿಲ್ಲ, ಮೇಲಿನ ಬೆಳಕನ್ನು ಒತ್ತಿ ಒಳಗೆ ತೂರಿಸುತ್ತವೆ. ಹಾಗಾಗಿ ಮೋಡದ ಆಕಾರ ಅಷ್ಟರಲ್ಲಿಯೂ ಉಳಿದಿರುತ್ತದೆ. ಇನ್ನೊಂದು ಮಿತಿ ಬಿಟ್‌ರೇಟಿನದು. ಸೆಕೆಂಡಿಗೆ ಮೂವತ್ತು ಫ್ರೇಮಿನಂತೆ 17 ಮೆಗಾಬಿಟ್ ಹಂಚಿದರೆ ಒಂದು ಫ್ರೇಮಿಗೆ ಎಪ್ಪತ್ತು ಕಿಲೋಬೈಟ್ ಚಿಲ್ಲರೆ. ಅದರಲ್ಲಿ ಹೆಚ್ಚಿನ ಪಾಲನ್ನು ಕೆಳಗೆ ಅಲುಗುವ ಜನಜಂಗುಳಿಯೇ ನುಂಗುತ್ತದೆ; ಆಕಾಶದ ಪಾಲಿಗೆ ಬರುವುದು ಉಳಿಕೆ. ಜನ ಜೋರಾಗಿ ಕೈ ಎತ್ತಿದ ಸೆಕೆಂಡುಗಳಲ್ಲಿ ಮೋಡ ಚೌಕ ಚೌಕವಾಗಿ ಸಪಾಟಾಗುವುದನ್ನೂ, ತೇರು ನಿಂತಾಗ ಮತ್ತೆ ನವುರಾಗುವುದನ್ನೂ ಕಣ್ಣಾರೆ ಕಂಡೆ. ಫೋನ್ ಕ್ಲಿಪ್ಪಿನ ಆಕಾಶದಲ್ಲಿ ಎಷ್ಟು ವಿವರವಿದೆ ಎಂಬುದನ್ನು ನೆಲದ ಗದ್ದಲವೂ ನಿರ್ಧರಿಸುತ್ತದೆ ಎಂಬುದನ್ನು ನಮ್ಮವರು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಕೆಲಸ ಮಾಡಿದ್ದು ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ. ಅದು ಒಳಗೆ ಫ್ಲೋಟ್‌ನಲ್ಲಿ, ಅಂದರೆ ದಶಮಾಂಶದ ಸಂಖ್ಯೆಗಳಲ್ಲಿ, ಲೆಕ್ಕ ಮಾಡುವುದರಿಂದ 235ರ ಮೇಲಿನದನ್ನು ಬಿಸಾಡುವುದಿಲ್ಲ. ಮೊದಲ ನೋಡ್‌ನಲ್ಲಿ ಗೇನ್ ಮಾತ್ರ ಇಳಿಸಿದೆ. ಹೊಳಪನ್ನು ತೋರಿಸುವ ವೇವ್‌ಫಾರ್ಮ್ ನಕ್ಷೆಯ ನೆತ್ತಿಗೆ ಒತ್ತಿಕೊಂಡಿದ್ದ ಗೆರೆ ಕೆಳಗಿಳಿದು ಎಡಭಾಗದಲ್ಲಿ ಬಿಡಿಬಿಡಿಯಾಗಿ ಹರಡಿತು, ಸೂರ್ಯನ ಭಾಗದಲ್ಲಿ ಕಡ್ಡಿಯಂತೆ ಸಪಾಟಾಗಿಯೇ ಉಳಿಯಿತು. ಅಳತೆ ಹೇಳಿದ್ದೂ ಇದನ್ನೇ. ಕ್ಲಿಪ್ ಆಟ್ರಿಬ್ಯೂಟ್ಸ್‌ನಲ್ಲಿ ಡೇಟಾ ಲೆವೆಲ್ಸ್ ಅನ್ನು ಫುಲ್‌ಗೆ ಬದಲಿಸಿದರೂ ಇದೇ ಸಿಗುತ್ತದೆ, ಆದರೆ ಕಪ್ಪು ಮೇಲೇಳುತ್ತದೆ, ಲಿಫ್ಟ್‌ನಿಂದ ಇಳಿಸಿಕೊಳ್ಳಬೇಕು.

ಕಷ್ಟ ಶುರುವಾದದ್ದು ಮುಂದೆ. ಹದಿಮೂರು ಮೆಟ್ಟಿಲನ್ನು ಕರ್ವ್‌ನಿಂದ ಮೂರು ಪಟ್ಟು ಹಿಗ್ಗಿಸಿದಾಗ ಮೋಡ ಭೂಪಟದ ಗೆರೆಗಳಂತೆ ಪಟ್ಟೆ ಪಟ್ಟೆಯಾಯಿತು. ಬ್ಲರ್ ಹಾಕಿದೆ, ಪಟ್ಟೆಗಳು ದಪ್ಪವಾದವು. ನಂತರ ಹಿಗ್ಗಿಸುವ ಮುನ್ನವೇ ಟೆಂಪೊರಲ್ ನಾಯ್ಸ್ ರಿಡಕ್ಷನ್ ಹಾಕಿದಾಗ ಕೈಹಿಡಿಯಿತು: ಅಕ್ಕಪಕ್ಕದ ಫ್ರೇಮುಗಳ ನಾಯ್ಸನ್ನು, ಅಂದರೆ ಚುಕ್ಕೆಗಳ ಸಣ್ಣ ಮಿಣುಕಾಟವನ್ನು, ಸರಾಸರಿ ಮಾಡಿದರೆ 243ಕ್ಕೂ 244ಕ್ಕೂ ನಡುವಿನ ಬೆಲೆಗಳು ಹುಟ್ಟುತ್ತವೆ. ಆ ನಾಯ್ಸನ್ನು ಕಂಪ್ರೆಷನ್ ಪೂರ್ತಿ ಒರೆಸಿಹಾಕಿದ ಚೌಕಗಳಲ್ಲಿ ಮಾತ್ರ ಇದು ನಡೆಯುವುದಿಲ್ಲ. ಈ ಸೌಲಭ್ಯ ಉಚಿತ ಆವೃತ್ತಿಯಲ್ಲಿಲ್ಲ. ಸ್ಟುಡಿಯೊ ಲೈಸೆನ್ಸಿಗೆ ಇಪ್ಪತ್ತೈದು ಮೂವತ್ತು ಸಾವಿರದ ನಡುವೆ ಕೊಟ್ಟ ನೆನಪು. ಮನೆಯಲ್ಲಿ ಮಾತು ಕೇಳಿದ್ದೂ ನಿಜ, ಆಮೇಲಿನ ಎರಡು ಮದುವೆ ಸೀಸನ್‌ಗಳಲ್ಲಿ ಅದು ದುಡಿದುಕೊಟ್ಟದ್ದೂ ನಿಜ.

ಸೂರ್ಯನ ಪಕ್ಕದ ಸತ್ತ ಭಾಗದಲ್ಲಿ ಒಂದು ಪ್ರಯೋಗ ಮಾಡಿದೆ. ಮಧ್ಯಾಹ್ನದ ನೀಲಿ ಆಕಾಶದಲ್ಲಿ ನೀಲಿ ಚಾನೆಲ್ ಮೊದಲು ತುಂಬುತ್ತದೆ, ಕೆಂಪು ಕೊನೆಯವರೆಗೂ ಉಳಿಯುತ್ತದೆ. ಸಂಜೆ ಇದು ತಿರುಗಿ ಕೆಂಪು ಮೊದಲು ಹೋಗಿ ನೀಲಿ ಉಳಿಯುತ್ತದೆ. ನೋಡಿದರೆ Y, ಅಂದರೆ ಹೊಳಪು, ಸಪಾಟಾಗಿದ್ದ ಅಂಚಿನಲ್ಲಿಯೂ ನೀಲಿ ಚಾನೆಲ್‌ನಲ್ಲಿ ಮೋಡದ ಒಂದು ನೆರಳು ಇತ್ತು. ಆದರೆ 1920×1080ರ 4:2:0 ಕ್ಲಿಪ್ಪಿನಲ್ಲಿ ಬಣ್ಣದ ಮಾಹಿತಿ ಎರಡೂ ದಿಕ್ಕಿನಲ್ಲಿ ಅರ್ಧಕ್ಕಿಳಿದು 960×540ರಷ್ಟೇ ಇರುವುದರಿಂದ ಆ ನೆರಳು ಚೌಕಾಕಾರವಾಗಿ ಒರಟಾಗಿತ್ತು. ಅಲ್ಪ ಪಾಲು ಮಾತ್ರ ಬೆರೆಸಿ ಸತ್ತ ಜಾಗದ ಅಂಚನ್ನು ಹಿಂದಕ್ಕೆ ಸರಿಸಿದೆ; ಬೆರೆತದ್ದು ಕಾಣದಂತೆ ಮಾಡುವ ಮ್ಯಾಸ್ಕಿನ ವಿಧಾನ ನನ್ನ ಹೊಟ್ಟೆಪಾಡಿನದು, ಅದನ್ನು ಇಲ್ಲಿ ಬರೆಯುವುದಿಲ್ಲ. ಉಳಿದ ನಡುಭಾಗಕ್ಕೆ ತೆಳುವಾದ ಹಳದಿ ಬಳಿದೆ. ಅದು ಬಣ್ಣ ಬಳಿದದ್ದೇ, ವಿವರ ಮರಳಿದ್ದಲ್ಲ.

ಕೊನೆಗೆ ಕಳಸದ ಎಡ ಅಂಚು ಸ್ಪಷ್ಟವಾಯಿತು, ಗಾಳಿಯಲ್ಲಿದ್ದ ಬಾಳೆಹಣ್ಣುಗಳನ್ನು ಎಣಿಸಬಹುದಾಯಿತು. ‘ಇಲ್ಲ’ ಎಂದಿದ್ದ ಮೂವರಲ್ಲಿ ಒಬ್ಬರು ಪ್ರಾಜೆಕ್ಟ್ ಕಡತ ಕೇಳಿದರು, ಕೊಡಲಿಲ್ಲ. ಸಿದ್ಧವಾದ ವಿಡಿಯೊವನ್ನು ಹೊರತೆಗೆಯುವಾಗ ಮತ್ತೆ ಎಂಟು ಬಿಟ್‌ಗೆ ಇಳಿಯುವುದರಿಂದ ಪಟ್ಟೆಗಳು ಮರಳಿ ಬರುತ್ತವೆ; ಅದಕ್ಕೆ ಕೊನೆಯ ನೋಡ್‌ನಲ್ಲಿ ಆಕಾಶಕ್ಕೆ ಮಾತ್ರ ನವಿರಾದ ಚುಕ್ಕೆಗಳ ಗ್ರೇನ್ ಸೇರಿಸಿ, ಬಿಟ್‌ರೇಟನ್ನು ಮೂಲದ ಎರಡು ಪಟ್ಟಿಗಿಂತ ಹೆಚ್ಚಿಟ್ಟು ಪೆನ್‌ಡ್ರೈವ್‌ನಲ್ಲಿ ಕೊಟ್ಟೆ, ಮೆಸೇಜಿನಲ್ಲಿ ಕಳಿಸಲು ಒಪ್ಪಲಿಲ್ಲ.