ಮುಟ್ಟಿನ ಮುಂಚಿನ ವಾರ ಸಕ್ಕರೆ ಏರಿದರೆ: ಇನ್ಸುಲಿನ್ ಹೆಚ್ಚಿಸುವುದು, ಮತ್ತೆ ಇಳಿಸುವುದು ಹೇಗೆ?

ಹತ್ತೊಂಬತ್ತು ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದೇನೆ. ನನ್ನದು ಟೈಪ್ 1 ಮಧುಮೇಹ. ಬದಿಯಡ್ಕದ ಹತ್ತಿರದ ಕನ್ನಡ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಸಕ್ಕರೆಯ ಲೆಕ್ಕ ಬರೆಯುವ ಪುಸ್ತಕ ಯಾವಾಗಲೂ ನನ್ನ ಚೀಲದಲ್ಲಿರುತ್ತದೆ. ಮುಟ್ಟಿನ ದಿನ ಗುರುತಿಸುವ ಸಣ್ಣ ಚುಕ್ಕೆ ಮಾತ್ರ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಇರುತ್ತಿತ್ತು. ಎಷ್ಟೋ ವರ್ಷ ಈ ಎರಡನ್ನೂ ಒಂದೆಡೆ ಇಟ್ಟು ನೋಡಲೇ ಇಲ್ಲ. ತಿಂಗಳಿಗೊಮ್ಮೆ ಐದಾರು ದಿನ ಬೆಳಗಿನ ಸಕ್ಕರೆ ಏರುತ್ತಿತ್ತು. ಊಟದಲ್ಲಿ ಏನೋ ತಪ್ಪಿದೆ ಎಂದು ಕೇಳಿಸಿಕೊಂಡು, ಅದನ್ನೇ ನಂಬಿ ಗಂಜಿಯ ಅನ್ನ ಕಡಿಮೆ ಮಾಡಿಕೊಂಡೆ. ಆದರೂ ಏರುವುದು ನಿಲ್ಲಲಿಲ್ಲ. ಕೊನೆಗೆ ಮಂಗಳೂರಿನ ವೈದ್ಯರೊಬ್ಬರು ಪುಸ್ತಕ ತಿರುವಿ ನೋಡಿ, "ಟೀಚರೇ, ಇದರಲ್ಲಿ ಮುಟ್ಟಿನ ದಿನ ಎಲ್ಲಿ ಬರೆದಿದ್ದೀರಿ?" ಎಂದು ಕೇಳಿದರು. ಅಂದಿನಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಂಡಾಣು ಬಿಡುಗಡೆಯಾದ ಮೇಲೆ ದೇಹದಲ್ಲಿ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಹೆಚ್ಚುತ್ತದೆ. ಆ ದಿನಗಳಲ್ಲಿ ಅನೇಕರ ದೇಹ ಇನ್ಸುಲಿನ್ನಿಗೆ ಮೊದಲಿನಷ್ಟು ಸ್ಪಂದಿಸುವುದಿಲ್ಲ. ಅದೇ ಊಟ, ಅದೇ ಯೂನಿಟ್, ಆದರೂ ಸಕ್ಕರೆ ಮೇಲೇರುತ್ತದೆ. ಸಾಮಾನ್ಯವಾಗಿ ಇದು ಕಾಣುವುದು ಮುಟ್ಟಿಗೆ ಮುಂಚಿನ ಮೂರರಿಂದ ಏಳು ದಿನಗಳಲ್ಲಿ. ಮುಟ್ಟಾಗುವ ಹೊತ್ತಿಗೆ ಆ ಹಾರ್ಮೋನು ಕುಸಿಯುತ್ತದೆ, ಇನ್ಸುಲಿನ್ನಿನ ಕೆಲಸ ಮತ್ತೆ ಚುರುಕಾಗುತ್ತದೆ. ಎಲ್ಲರಿಗೂ ಹೀಗೆಯೇ ಆಗುವುದಿಲ್ಲ. ಕೆಲವರಲ್ಲಿ ಏರಿಳಿತವೇ ಕಾಣುವುದಿಲ್ಲ. ಆದ್ದರಿಂದ ಗೆಳತಿಯ ಲೆಕ್ಕವನ್ನು ನಿಮ್ಮದಾಗಿಸಿಕೊಳ್ಳಬೇಡಿ, ನಿಮ್ಮ ದೇಹ ಏನು ಮಾಡುತ್ತದೆ ಎಂದು ಮೊದಲು ನೋಡಿ.

ಮೊದಲ ಹೆಜ್ಜೆ: ರಾತ್ರಿಯನ್ನು ಅಳೆಯಿರಿ

ಹಗಲಿನ ಸಕ್ಕರೆ ನೂರು ಕಾರಣಗಳಿಗೆ ಏರುತ್ತದೆ. ಮುಟ್ಟಿಗೆ ಮುಂಚೆ ಹಸಿವು ಹೆಚ್ಚು, ಸಿಹಿಯ ಆಸೆ ಹೆಚ್ಚು, ಮೈ ಭಾರವಾಗಿ ನಡೆದಾಟ ಕಡಿಮೆ. ಹಾರ್ಮೋನಿನ ಪಾಲು ಎಷ್ಟು, ಒಂದು ನೀರುದೋಸೆ ಹೆಚ್ಚು ತಿಂದುದರ ಪಾಲು ಎಷ್ಟು ಎಂದು ಹಗಲಲ್ಲಿ ಬಿಡಿಸಿ ಹೇಳಲಾಗದು. ರಾತ್ರಿ ಹಾಗಲ್ಲ. ಊಟವಾಗಿ ಮೂರು ನಾಲ್ಕು ಗಂಟೆಯ ಮೇಲೆ, ಊಟದ ಇನ್ಸುಲಿನ್ ಮುಗಿದ ಹೊತ್ತಿಗೆ ಒಮ್ಮೆ ಅಳೆದು, ಏನೂ ತಿನ್ನದೆ ಮಲಗಿ, ಬೆಳಿಗ್ಗೆ ಎದ್ದ ಕೂಡಲೇ ಮತ್ತೆ ಅಳೆದರೆ, ನಡುವೆ ಕೆಲಸ ಮಾಡಿದ್ದು ದೀರ್ಘಾವಧಿಯ ಇನ್ಸುಲಿನ್ ಒಂದೇ. ಸಕ್ಕರೆ 30ಕ್ಕಿಂತ ಹೆಚ್ಚು ಏರಿದ್ದು ಎರಡು ಮೂರು ರಾತ್ರಿ ಮರುಕಳಿಸಿದರೆ, ಆ ದಿನಗಳಿಗೆ ಅದು ಸಾಲುತ್ತಿಲ್ಲ ಎಂದರ್ಥ.

ಸ್ಟ್ರಿಪ್‌ಗೆ ದುಡ್ಡು ಬೇಕು. ತಿಂಗಳಿಡೀ ಅಳೆಯುವುದು ನನಗೂ ಸಾಧ್ಯವಿಲ್ಲ. ನಾನು ಮುಟ್ಟಿನ ನಿರೀಕ್ಷೆಯ ದಿನಕ್ಕೆ ಏಳು ದಿನ ಮುಂಚಿನಿಂದ ಮುಟ್ಟಿನ ಮೂರನೆಯ ದಿನದವರೆಗೆ ಮಾತ್ರ ಹೀಗೆ ಅಳೆದೆ. ಹತ್ತು ದಿನಕ್ಕೆ ದಿನಕ್ಕೆರಡು, ಜೊತೆಗೆ ನಾಲ್ಕು ದಿನ ಬೆಳಗಿನ ಜಾವ 3 ಗಂಟೆಗೆ ಒಂದೊಂದು. 25 ಸ್ಟ್ರಿಪ್‌ಗಳ ಒಂದು ಡಬ್ಬಿಯಲ್ಲಿ ಮುಗಿಯುತ್ತದೆ. ಆ 3 ಗಂಟೆಯ ಅಳತೆಯನ್ನು ಬಿಡಬೇಡಿ. ರಾತ್ರಿ ನಡುವೆ ಸಕ್ಕರೆ ಇಳಿದು, ನಿದ್ದೆಗಣ್ಣಿನಲ್ಲಿ ಏನೋ ತಿಂದು ಬೆಳಿಗ್ಗೆ ಏರಿದ್ದರೆ, ಇನ್ಸುಲಿನ್ ಹೆಚ್ಚಿಸುವುದು ಅಪಾಯ.

ಒಂದು ತಿಂಗಳ ಲೆಕ್ಕ ಸಾಲದು. ಮೂರು ತಿಂಗಳು ಬರೆಯಿರಿ. ದಿನಗಳನ್ನು ಕಳೆದ ಮುಟ್ಟಿನಿಂದ ಮುಂದಕ್ಕೆ ಎಣಿಸದೆ, ಮುಟ್ಟಾದ ದಿನದಿಂದ ಹಿಂದಕ್ಕೆ ಎಣಿಸಿ. ಅಂಡಾಣು ಬಿಡುಗಡೆಯಿಂದ ಮುಟ್ಟಿನವರೆಗಿನ ಅವಧಿ ಹೆಚ್ಚುಕಡಿಮೆ ಎರಡು ವಾರ. ಅದು ಹೆಚ್ಚು ಬದಲಾಗುವುದಿಲ್ಲ, ಹಿಗ್ಗಿ ಕುಗ್ಗುವುದು ಅದಕ್ಕೆ ಮುಂಚಿನ ಭಾಗ. ಹಿಂದಕ್ಕೆ ಎಣಿಸಿದಾಗ ನನ್ನ ಮೂರೂ ತಿಂಗಳ ಏರಿಕೆ ಒಂದೇ ಜಾಗದಲ್ಲಿ ಬಂದು ಕೂತಿತು: ಮುಟ್ಟಿಗೆ ಐದು ದಿನ ಮುಂಚೆ.

ಇನ್ನೊಂದು ಮೋಸವಿದೆ. ತೆರೆದ ಇನ್ಸುಲಿನ್ ಸಾಮಾನ್ಯವಾಗಿ 28 ದಿನ ಮಾತ್ರ ಬಳಸಬೇಕು. ಮುಟ್ಟಿನ ಚಕ್ರವೂ ಹೆಚ್ಚುಕಡಿಮೆ ಅಷ್ಟೇ. ಪ್ರತಿ ತಿಂಗಳು ಒಂದೇ ಹೊತ್ತಿಗೆ ಹಳೆಯ ಸೀಸೆ ಕಸುವು ಕಳೆದುಕೊಳ್ಳುತ್ತಿದ್ದರೆ, ಅದೂ ಹಾರ್ಮೋನಿನಂತೆಯೇ ಕಾಣುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಎರಡು ದಿನ ಹೋದರೆ ಫ್ರಿಜ್ಜಿನಲ್ಲಿಟ್ಟದ್ದನ್ನೂ ನಂಬುವಂತಿಲ್ಲ. ಸೀಸೆಯ ಮೇಲೆ ತೆರೆದ ದಿನಾಂಕ ಬರೆಯಿರಿ. ಚುಚ್ಚುವ ಜಾಗದಲ್ಲಿ ಗಂಟು ಕಟ್ಟಿದೆಯೇ ಎಂದು ಕೈಯಾಡಿಸಿ ನೋಡಿ. ಜ್ವರವಿದ್ದ ತಿಂಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಎರಡನೆಯ ಹೆಜ್ಜೆ: ಸ್ವಲ್ಪವೇ ಹೆಚ್ಚಿಸಿ

ಆಗ ನಾನು ರಾತ್ರಿ 9 ಗಂಟೆಗೆ ಗ್ಲಾರ್ಜಿನ್ ಎಂಬ ದೀರ್ಘಾವಧಿಯ ಇನ್ಸುಲಿನ್ 20 ಯೂನಿಟ್ ತೆಗೆದುಕೊಳ್ಳುತ್ತಿದ್ದೆ. ಬೇರೆ ದಿನಗಳಲ್ಲಿ ಬೆಳಗಿನ ಸಕ್ಕರೆ 110ರ ಆಸುಪಾಸು. ಮುಟ್ಟಿಗೆ ನಾಲ್ಕು ದಿನ ಮುಂಚಿನ ಒಂದು ರಾತ್ರಿ ಹೀಗಿತ್ತು: ಮಲಗುವಾಗ 128, ಜಾವ 3ಕ್ಕೆ 151, ಬೆಳಿಗ್ಗೆ 186. ಎಲ್ಲೂ ಇಳಿದಿಲ್ಲ, ಒಂದೇ ಸಮನೆ 58 ಏರಿದೆ. ಈ ಪುಟವನ್ನು ವೈದ್ಯರಿಗೆ ತೋರಿಸಿದೆ. ಅವರು ಶೇಕಡ 10ರಷ್ಟು, ಅಂದರೆ 2 ಯೂನಿಟ್ ಹೆಚ್ಚಿಸಲು ಹೇಳಿದರು. ಮುಂದಿನ ತಿಂಗಳು ಮುಟ್ಟಿನ ನಿರೀಕ್ಷೆಗೆ ಐದು ದಿನವಿರುವಾಗ 22 ಮಾಡಿದೆ. ಗ್ಲಾರ್ಜಿನ್ ಬದಲಾವಣೆ ಪೂರ್ತಿ ಕಾಣಲು ಎರಡು ಮೂರು ದಿನ ಬೇಕು. ಮರುದಿನವೇ ಸಕ್ಕರೆ ಇಳಿಯಲಿಲ್ಲವೆಂದು ಮತ್ತೆರಡು ಯೂನಿಟ್ ಏರಿಸಿದರೆ, ಎರಡೂ ಸೇರಿ ಮೂರನೆಯ ರಾತ್ರಿ ಕೆಳಕ್ಕೆ ಎಳೆಯುತ್ತವೆ. ನಾನು ತಡೆದುಕೊಂಡೆ. ಮೂರನೆಯ ಬೆಳಿಗ್ಗೆ 158 ಇತ್ತು. ಅದರ ಮುಂದಿನ ತಿಂಗಳು, ಮತ್ತೆ ವೈದ್ಯರನ್ನು ಕೇಳಿ, 24 ಮಾಡಿದೆ. ಆಗ 120ರ ಹತ್ತಿರ ನಿಂತಿತು. ನನ್ನ ಲೆಕ್ಕ ಸಿಕ್ಕಿತು: ಐದು ದಿನ 24, ಉಳಿದ ದಿನ 20.

ಇದು ದೀರ್ಘಾವಧಿಯ ಇನ್ಸುಲಿನ್ ಮತ್ತು ಊಟದ ಇನ್ಸುಲಿನ್ ಬೇರೆ ಬೇರೆ ತೆಗೆದುಕೊಳ್ಳುವವರ ಮಾತು. ದಿನಕ್ಕೆರಡು ಹೊತ್ತು 30/70 ಮಿಶ್ರಣ ತೆಗೆದುಕೊಳ್ಳುವವರು ರಾತ್ರಿಯದನ್ನು ಹೆಚ್ಚಿಸಿದರೆ ಊಟದ ಭಾಗವೂ ಜೊತೆಗೆ ಹೆಚ್ಚುತ್ತದೆ, ಊಟವಾದ ಎರಡು ಮೂರು ಗಂಟೆಯಲ್ಲಿ ಸಕ್ಕರೆ ಕುಸಿಯಬಹುದು. ಅವರು ಸ್ವಂತವಾಗಿ ಒಂದು ಯೂನಿಟ್ಟೂ ಬದಲಿಸಬಾರದು. ಡೆಗ್ಲುಡೆಕ್ ಎಂಬ ದೀರ್ಘಾವಧಿಯ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬದಲಾವಣೆ ನೆಲೆಗೊಳ್ಳಲು ಮೂರು ನಾಲ್ಕು ದಿನ ಬೇಕು, ಇಳಿಸಿದ್ದೂ ಅಷ್ಟೇ ನಿಧಾನ. ಅವರಿಗೆ ದಿನದ ಲೆಕ್ಕವನ್ನು ವೈದ್ಯರೇ ಹಾಕಿಕೊಡಬೇಕು.

ಮೂರನೆಯ ಹೆಜ್ಜೆ: ಮುಟ್ಟಾದ ರಾತ್ರಿಯೇ ಇಳಿಸಿ

ಹೆಚ್ಚಿಸುವುದನ್ನು ಎಲ್ಲರೂ ನೆನಪಿಡುತ್ತಾರೆ. ಜೀವಕ್ಕೆ ಅಪಾಯ ಬರುವುದು ಇಳಿಸಲು ಮರೆತಾಗ. 24ಕ್ಕೆ ಏರಿಸಿದ ಆ ಮೊದಲ ತಿಂಗಳು, ಮುಟ್ಟು ಮುಗಿಯಲಿ ಎಂದು ಕಾದೆ. ಎರಡನೆಯ ರಾತ್ರಿ 2 ಗಂಟೆಗೆ ಬೆವರಿ ಒದ್ದೆಯಾಗಿ, ಕೈ ನಡುಗುತ್ತಾ ಎದ್ದೆ. ಮೀಟರಿನಲ್ಲಿ 54. ಅಮ್ಮ ಎದ್ದು ಬಂದು, "ಮಗಳೇ, ಮುಟ್ಟಿನ ನಿಶ್ಶಕ್ತಿ, ಮಲಗು" ಎಂದರು. ಅವರ ತಪ್ಪಲ್ಲ, ನೋಡುವವರಿಗೆ ಎರಡೂ ಒಂದೇ ತರಹ. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದೆ. ಹದಿನೈದು ನಿಮಿಷದಲ್ಲಿ 66. ಮತ್ತೆ ಮೂರು ಚಮಚ. ಆಮೇಲೆ 70 ದಾಟಿತು.

ಈಗ ಮುಟ್ಟು ಕಂಡ ದಿನದ ರಾತ್ರಿಯೇ ನೇರವಾಗಿ 20ಕ್ಕೆ ಇಳಿಸುತ್ತೇನೆ. ಏರಿಸುವಾಗ ಕಾದಂತೆ ಇಳಿಸುವಾಗ ಕಾಯುವುದಿಲ್ಲ. ಬೆಳಿಗ್ಗೆ ಮುಟ್ಟಾದರೆ ಹಿಂದಿನ ರಾತ್ರಿಯ 24 ಇನ್ನೂ ಮೈಯಲ್ಲಿ ಕೆಲಸ ಮಾಡುತ್ತಿರುತ್ತದೆ. ಅಂದು ಬಸ್ಸು ಹತ್ತುವ ಮುಂಚೆ, ಮಧ್ಯಾಹ್ನದ ಊಟದ ಇನ್ಸುಲಿನ್‌ಗೆ ಮುಂಚೆ ಅಳೆಯುತ್ತೇನೆ. ರಾತ್ರಿ ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಮುಟ್ಟಾದರೆ ಅದನ್ನು ವಾಪಸು ತೆಗೆಯಲಾಗದು. ಅಂಥ ರಾತ್ರಿ 3 ಗಂಟೆಗೆ ಅಲಾರಂ ಇಡುತ್ತೇನೆ, ತಲೆದಿಂಬಿನ ಪಕ್ಕ ಸಕ್ಕರೆಯ ಡಬ್ಬಿ ಇಡುತ್ತೇನೆ. ಮಗ್ಗುಲಲ್ಲಿ ಮಲಗಿದವರಿಗೂ ಹೇಳಿರುತ್ತೇನೆ. ಮುಂದಿನ ಎರಡು ರಾತ್ರಿಯೂ ಹೀಗೆಯೇ.

ಲೆಕ್ಕ ತಪ್ಪಿಸುವ ಎರಡು ಸಂಗತಿಗಳು

ಹೊಟ್ಟೆನೋವಿಗೆ ಮನೆಯಲ್ಲಿ ಜೀರಿಗೆ ಅಥವಾ ಶುಂಠಿ ಕಷಾಯ ಕೊಡುತ್ತಾರೆ. ಕುಡಿಯಿರಿ, ಬೆಲ್ಲ ಬೇಡ. ಆದರೆ ಹೊಟ್ಟೆನೋವಿನ ಜೊತೆಗೆ ವಾಂತಿಯೂ ಇದ್ದು ಸಕ್ಕರೆ 250 ದಾಟಿದರೆ, ಅದು ಮುಟ್ಟಿನ ನೋವೆಂದು ಕಷಾಯ ಕುಡಿದು ಮಲಗಬೇಡಿ. ಇನ್ಸುಲಿನ್ ಸಾಲದೆ ರಕ್ತದಲ್ಲಿ ಕೀಟೋನ್ ತುಂಬಿದಾಗಲೂ ಇದೇ ನೋವು, ಇದೇ ವಾಂತಿ. ಮೂತ್ರದ ಕೀಟೋನ್ ಸ್ಟ್ರಿಪ್ ಬಣ್ಣ ಬದಲಿಸಿದರೆ, ಉಸಿರು ಆಳವಾಗಿ ಏದುಸಿರಾದರೆ, ಉಸಿರಿಗೆ ಹಣ್ಣಿನ ವಾಸನೆ ಬಂದರೆ ತಕ್ಷಣ ಆಸ್ಪತ್ರೆಗೆ ಹೊರಡಬೇಕು. ಊಟ ಸೇರುತ್ತಿಲ್ಲವೆಂದು ದೀರ್ಘಾವಧಿಯ ಇನ್ಸುಲಿನ್ ನಿಲ್ಲಿಸುವುದು ಇಂಥ ದಿನಗಳಲ್ಲಿ ಆಗುವ ದೊಡ್ಡ ತಪ್ಪು.

ಇನ್ನೊಂದು, ಮುಟ್ಟು ಮುಂದೂಡುವ ಮಾತ್ರೆ. ಮದುವೆ, ಜಾತ್ರೆ, ಮನೆಯ ಕೋಲ ಬಂತೆಂದರೆ ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳು ಮೆಡಿಕಲ್‌ನಲ್ಲಿ ಕೇಳಿ ನೊರೆಥಿಸ್ಟೆರಾನ್ ತೆಗೆದುಕೊಳ್ಳುತ್ತಾರೆ. ಅದು ಪ್ರೊಜೆಸ್ಟೆರಾನ್ ಗುಂಪಿನದೇ ಔಷಧ. ಸಕ್ಕರೆ ಏರಿದ ದಿನಗಳು ಮಾತ್ರೆ ನುಂಗಿದಷ್ಟೂ ದಿನ ಮುಂದುವರಿಯಬಹುದು, ಅದರ ಮೇಲೆ ಹಬ್ಬದ ಪಾಯಸವೂ ಇರುತ್ತದೆ. ಮಾತ್ರೆ ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ. ಕ್ಯಾಲೆಂಡರಿನ ಹಳೆಯ ದಿನಾಂಕ ನೋಡಿ ಇನ್ಸುಲಿನ್ ಇಳಿಸಬೇಡಿ, ಮುಟ್ಟು ಕಂಡ ದಿನವನ್ನೇ ಹಿಡಿಯಿರಿ. ಮಾತ್ರೆ ಬೇಕೇಬೇಕೆಂದರೆ ಇನ್ಸುಲಿನ್ ನೋಡುವ ವೈದ್ಯರಿಗೆ ಮೊದಲೇ ತಿಳಿಸಿ.

ಮುಟ್ಟು ಕ್ರಮವಾಗಿ ಬರದವರು, ಪಿಸಿಒಡಿ ಇರುವವರು, ನಲವತ್ತೈದರ ಆಸುಪಾಸಿನವರು ಮುಂಚಿತವಾಗಿ ಏರಿಸುವ ಲೆಕ್ಕವನ್ನೇ ಇಟ್ಟುಕೊಳ್ಳಬಾರದು. ಅಂಡಾಣು ಬಿಡುಗಡೆಯಾಗದ ತಿಂಗಳು ಪ್ರೊಜೆಸ್ಟೆರಾನ್ ಏರುವುದಿಲ್ಲ, ಆಗ ಹೆಚ್ಚಿಸಿದ ಇನ್ಸುಲಿನ್ ಸಕ್ಕರೆಯನ್ನು ಬೀಳಿಸುತ್ತದೆ. ಅವರು ಸತತ ಎರಡು ಬೆಳಿಗ್ಗೆ ಏರಿಕೆ ಕಂಡು, ರಾತ್ರಿಯ ಅಳತೆಯೂ ಅದನ್ನೇ ಹೇಳಿದ ಮೇಲೆ ವೈದ್ಯರಿಗೆ ಫೋನು ಮಾಡಿ ಕೇಳಲಿ. ಪುಸ್ತಕದ ಆ ಪುಟದಲ್ಲಿ ಕೆಂಪು ಶಾಯಿಯಲ್ಲಿ ಎರಡು ದಿನಾಂಕಕ್ಕೆ ಜಾಗ ಬಿಟ್ಟಿರಿ: ಇನ್ಸುಲಿನ್ ಏರಿಸಿದ್ದು ಯಾವಾಗ, ಇಳಿಸಿದ್ದು ಯಾವಾಗ.