ಮಾದಾಪುರದ ಮನೆಯಲ್ಲಿ ಆರು ಗಂಟೆ: ನೇತ್ರದಾನ ಮಾಡಿಸಿದ ನನ್ನ ಅನುಭವ

ನಮ್ಮ ಕೊಡಗು ಜಿಲ್ಲೆಯಲ್ಲಿ ನೇತ್ರದಾನದ ಅರ್ಜಿ ತುಂಬಿಸುವುದು ಕಷ್ಟವಲ್ಲ, ಸತ್ತವರ ಕಣ್ಣು ನೇತ್ರ ಬ್ಯಾಂಕಿಗೆ ತಲುಪುವುದು ಕಷ್ಟ. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ನಾನು ಈ ಮಾತನ್ನು ಐದಾರು ವರ್ಷ ಹೇಳುತ್ತ ಬಂದಾಗ, ಶಿಬಿರ ನಡೆಸುವ ಗೆಳೆಯರು ನಕ್ಕಿದ್ದೇ ಹೆಚ್ಚು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡು, ಅವರ ಕಣ್ಣುಗಳ ಮುಂಭಾಗದ ಪಾರದರ್ಶಕ ಭಾಗವಾದ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಕಸಿ ಮಾಡಿದ ಸುದ್ದಿ ಬಂದ ಮೇಲೆ, ನಮ್ಮ ಕೈಗೆ ಎರಡೇ ತಿಂಗಳಲ್ಲಿ ನಾನೂರರಷ್ಟು ಅರ್ಜಿಗಳು ಬಂದವು. ಆ ಪಟ್ಟಿಯಲ್ಲಿದ್ದವರ ಪೈಕಿ ಮುಂದಿನ ಒಂದೂವರೆ ವರ್ಷದಲ್ಲಿ ಒಂಬತ್ತೋ ಹತ್ತೋ ಜನ ತೀರಿಕೊಂಡರು, ಆದರೆ ಒಂದು ಜೊತೆ ಕಣ್ಣೂ ನಮ್ಮ ಮೂಲಕ ಹೋಗಲಿಲ್ಲ. ಅರ್ಜಿ ಬೀರುವಿನಲ್ಲಿತ್ತು, ಅದು ಇರುವುದು ಮನೆಯವರಿಗೆ ನೆನಪಾದದ್ದು ಹನ್ನೊಂದನೆಯ ದಿನ.

ಆ ಮೇಲೆ ನಾನು ಅರ್ಜಿ ತುಂಬಿಸುವುದನ್ನು ನಿಲ್ಲಿಸಿ, ಮನೆಗೊಬ್ಬ ಹೊಣೆಗಾರನನ್ನು ಗೊತ್ತುಮಾಡುವ ಕೆಲಸಕ್ಕೆ ಇಳಿದೆ. ಸತ್ತವರು ಮೊದಲೇ ಬರೆದುಕೊಟ್ಟಿದ್ದರೂ ಆ ಹೊತ್ತಿನಲ್ಲಿ ಹತ್ತಿರದ ಬಂಧುಗಳು ಒಪ್ಪಿ ಸಹಿ ಹಾಕದಿದ್ದರೆ ತಂಡದವರು ಕಣ್ಣು ಮುಟ್ಟುವುದಿಲ್ಲ. ಏನೂ ಬರೆದುಕೊಡದೇ ಇದ್ದರೂ ಮನೆಯವರು ಒಪ್ಪಿದರೆ ದಾನ ನಡೆಯುತ್ತದೆ. ಹೀಗಿರುವಾಗ ನಾವು ಕೆಲಸ ಮಾಡಬೇಕಾದದ್ದು ದಾನಿಯ ಜೊತೆಗಲ್ಲ, ಆತನ ಅಳಿಯ, ಸೊಸೆ, ತಮ್ಮನ ಮಗ ಇಂಥವರ ಜೊತೆಗೆ. ಮಗನನ್ನು ನಾನು ಹೊಣೆಗಾರನನ್ನಾಗಿ ಮಾಡುವುದಿಲ್ಲ, ಏಕೆಂದರೆ ತಾಯಿ ತೀರಿಕೊಂಡ ಕ್ಷಣದಲ್ಲಿ ಮಗನಿಗೆ ಫೋನಿನ ನಂಬರ್ ಕಾಣುವುದಿಲ್ಲ. ಅಳಿಯನಾದರೆ ದುಃಖದಲ್ಲಿಯೂ ಸ್ವಲ್ಪ ಕೈಕಾಲು ಆಡಿಸುತ್ತಾನೆ.

ಈ ಪಾಠಕ್ಕೆ ನಾನು ಕೊಟ್ಟ ಬೆಲೆಯೂ ಕಡಿಮೆಯಲ್ಲ. ಮೊದಲ ಸಲ ಮೈಸೂರಿನಿಂದ ತಂಡ ಹೊರಟು ಪಿರಿಯಾಪಟ್ಟಣ ದಾಟಿದ ಮೇಲೆ, ಬೆಂಗಳೂರಿನಲ್ಲಿದ್ದ ಹಿರಿಯ ಮಗ ಫೋನಿನಲ್ಲಿ ಬೇಡವೆಂದ. ಅವರಿಗಾಗಿ ನಾನು ಕಾಯಿಸಿದ್ದ ಜೀಪಿನ ಬಾಡಿಗೆ ಎರಡೂವರೆ ಸಾವಿರದ ಹತ್ತಿರ ನನ್ನ ಪಿಂಚಣಿಯಿಂದಲೇ ಹೋಯಿತು. ಎರಡನೆಯ ಸಲ ಎಲ್ಲರೂ ಒಪ್ಪಿದ್ದರು, ಆದರೆ ಮಳೆಗೆ ಮರ ಬಿದ್ದು ದಾರಿ ಕಟ್ಟಿಕೊಂಡು ತಂಡ ತಲುಪುವಾಗ ಸಾವಾಗಿ ಏಳು ಗಂಟೆ ಮೀರಿತ್ತು, ಕಣ್ಣು ತೆಗೆಯಬೇಕಾದದ್ದು ಆರು ಗಂಟೆಯೊಳಗೆ. ಮೂರನೆಯ ಸಲ ಹೊತ್ತಿಗೆ ಸರಿಯಾಗಿಯೇ ತಲುಪಿದರು, ಆದರೆ ಅಷ್ಟರವರೆಗೆ ಅಜ್ಜನ ರೆಪ್ಪೆಗಳು ಅರ್ಧ ತೆರೆದೇ ಇದ್ದವು ಮತ್ತು ನೆಂಟರ ಸೆಕೆಗೆಂದು ಫ್ಯಾನು ತಲೆಯ ಮೇಲೆಯೇ ಸುತ್ತುತ್ತಿತ್ತು. ಕಣ್ಣಿನ ಮೇಲ್ಮೈ ಒಣಗಿ ಮಂಕಾಗಿತ್ತು. ಅದನ್ನು ತೆಗೆದುಕೊಂಡು ಹೋದರೂ ಕಸಿಗೆ ಬರಲಿಲ್ಲ, ವೈದ್ಯರ ತರಬೇತಿಗೆ ಮಾತ್ರ ಆಯಿತು.

ಇದು ನನ್ನನ್ನು ಕೊರೆಯುತ್ತಿದ್ದುದರಿಂದ ಒಂದು ಭಾನುವಾರ ಸುಂಟಿಕೊಪ್ಪದ ಮಾಂಸದಂಗಡಿಯಿಂದ ಕುರಿಯ ತಲೆ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟೆ. ಒಂದು ಕಣ್ಣಿನ ರೆಪ್ಪೆ ಮುಚ್ಚಿ, ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯನ್ನು ಅದರ ಮೇಲಿಟ್ಟೆ. ಇನ್ನೊಂದನ್ನು ತೆರೆದು, ಫ್ಯಾನು ಹಾಕಿ ಬಿಟ್ಟೆ. ಎರಡು ಗಂಟೆಯ ಮೇಲೆ ಟಾರ್ಚು ಹಾಕಿ ನೋಡಿದರೆ, ಮುಚ್ಚಿದ್ದ ಕಣ್ಣು ಇನ್ನೂ ಹೊಳೆಯುತ್ತಿತ್ತು, ತೆರೆದದ್ದು ಬಾಡಿದ ದ್ರಾಕ್ಷಿಯ ಸಿಪ್ಪೆಯಂತೆ ಮಸುಕಾಗಿತ್ತು. ನನ್ನ ಹೆಂಡತಿ ಆ ಕಟ್ಟೆಯನ್ನು ಮೂರು ಸಲ ತೊಳೆದಳು. ಆದರೆ ಆ ಎರಡು ಕಣ್ಣುಗಳ ಫೋಟೋ ತೋರಿಸಿದ ಮೇಲೆ ಯಾವ ಹೊಣೆಗಾರನಿಗೂ ನಾನು ಫ್ಯಾನಿನ ವಿಷಯವನ್ನು ಎರಡನೆಯ ಬಾರಿ ಹೇಳಬೇಕಾಗಿ ಬಂದಿಲ್ಲ.

ನಾನು ಪ್ರತಿ ಮನೆಗೂ ಕೊಡುವುದು ಒಂದೇ ಹಾಳೆ, ಲ್ಯಾಮಿನೇಟ್ ಮಾಡಿಸಿದ್ದು. ಮೂವತ್ತು ರೂಪಾಯಿಯೊಳಗೆ ಮುಗಿಯುತ್ತದೆ. ಮೊದಲು ಬರಿಯ ಕಾಗದ ಅಂಟಿಸುತ್ತಿದ್ದೆ, ಜೂನ್ ಕಳೆಯುವುದರೊಳಗೆ ಬೂಷ್ಟು ಹಿಡಿದು ನಂಬರ್ ಓದಲು ಬರುತ್ತಿರಲಿಲ್ಲ. ಹಾಳೆಯನ್ನು ಕ್ಯಾಲೆಂಡರಿನ ಮೊಳೆಗೇ, ಕ್ಯಾಲೆಂಡರಿನ ಹಿಂದೆ ನೇತುಹಾಕಬೇಕು. ಅದರಲ್ಲಿ ಹೊಣೆಗಾರನ ಹೆಸರು, ನೇತ್ರ ಬ್ಯಾಂಕಿನ ನಂಬರ್, ಸಾವನ್ನು ದೃಢೀಕರಿಸಲು ಬರುವ ವೈದ್ಯರ ನಂಬರ್ ಇವುಗಳ ಜೊತೆಗೆ ಇನ್ನೊಂದು ಸಾಲು ಇರುತ್ತದೆ: ಆ ಮನೆಯ ಸುತ್ತ ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂಬುದು. ಕಾಫಿ ಕಣದ ಮೂಲೆ, ನೀರಿನ ಟ್ಯಾಂಕಿನ ಹತ್ತಿರ, ಹೀಗೆ. ಬಯಲುಸೀಮೆಯವರಿಗೆ ಇದು ತಮಾಷೆಯಾಗಿ ಕಾಣಬಹುದು, ಆದರೆ ಆಷಾಢದ ರಾತ್ರಿ ಕರೆಂಟ್ ಹೋಗಿರುವಾಗ ಇಪ್ಪತ್ತು ನಿಮಿಷ ಉಳಿಸುವ ಸಾಲು ಅದು.

ಈಗ ಮಾದಾಪುರದ ಕಡೆಯ ಒಂದು ತೋಟದ ಮನೆಯ ವಿಷಯ. ಕಳೆದ ಮಳೆಗಾಲದಲ್ಲಿ, ಬೆಳಗಿನ ಜಾವ ನಾಲ್ಕೂಮುಕ್ಕಾಲರ ಸುಮಾರಿಗೆ, ಎಪ್ಪತ್ತೆಂಟು ವರ್ಷದ ಅಜ್ಜಿ ಹೃದಯಾಘಾತದಿಂದ ತೀರಿಕೊಂಡರು. ಐದು ಗಂಟೆಗೆ ಅಳಿಯ ಕಣದ ಮೂಲೆಯಿಂದ ಮೊದಲು ನೇತ್ರ ಬ್ಯಾಂಕಿಗೆ, ಆಮೇಲೆ ನನಗೆ ಫೋನು ಮಾಡಿದ. ಅಷ್ಟರಲ್ಲಿ ಸೊಸೆ ರೆಪ್ಪೆಗಳನ್ನು ಮೆಲ್ಲನೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ಎರಡು ದಿಂಬು ಕೊಟ್ಟಿದ್ದಳು. ದಿಂಬು ಏಕೆಂದರೆ, ತಲೆ ಅರ್ಧ ಅಡಿಯಷ್ಟು ಎತ್ತರದಲ್ಲಿದ್ದರೆ ಮುಖಕ್ಕೆ ರಕ್ತ ಇಳಿಯುವುದು ಕಡಿಮೆಯಾಗಿ, ಕಣ್ಣು ತೆಗೆದ ಮೇಲೆ ರಕ್ತ ಒಸರುವುದಾಗಲಿ ರೆಪ್ಪೆ ಊದುವುದಾಗಲಿ ಆಗುವುದು ಕಡಿಮೆ. ಹತ್ತಿ ಒಣಗಿದ ಹಾಗೆ ಮತ್ತೆ ಒದ್ದೆ ಮಾಡುತ್ತಿರಬೇಕು. ಅಜ್ಜಿಯ ತಲೆಯ ಬಳಿ ಹಚ್ಚಿದ ದೀಪದಿಂದ ಏನೂ ತೊಂದರೆಯಿಲ್ಲ, ನಮ್ಮ ಚಳಿ ಈ ಒಂದು ಕೆಲಸಕ್ಕೆ ಒಳ್ಳೆಯದೇ.

ನಾನು ತಲುಪಿದಾಗ ಮನೆಯ ಹಿರಿಯರೊಬ್ಬರು ಕೋವಿ ಹಿಡಿದು ಜಗಲಿಯಲ್ಲಿ ನಿಂತಿದ್ದರು. ಕೊಡವರ ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ವಾಡಿಕೆ, ಗುಂಡಿನ ಸದ್ದು ಕೇಳಿದ ಅರ್ಧ ಗಂಟೆಯೊಳಗೆ ಅಂಗಳ ತುಂಬುತ್ತದೆ, ಅಂಗಳ ತುಂಬಿದ ಮೇಲೆ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ಆದ್ದರಿಂದ ಗುಂಡಿಗೆ ಮೊದಲು ಫೋನು ಎನ್ನುವುದು ನನ್ನ ಹಾಳೆಯ ಮೊದಲ ಸಾಲು. ಫೋನು ಆಗಿತ್ತು, ಆದರೆ ಆ ಹಿರಿಯರಿಗೆ ಸಮಾಧಾನವಿರಲಿಲ್ಲ.

"ಮೇಷ್ಟ್ರೇ, ಅಕ್ಕನನ್ನು ಕಣ್ಣಿಲ್ಲದೆ ಕಳಿಸುವುದಾ? ಮುಂದಿನ ಜನ್ಮಕ್ಕೆ ಕುರುಡಾಗಿ ಹುಟ್ಟಿದರೆ ಯಾರು ಹೊಣೆ?"

ಇದೇ ಪ್ರಶ್ನೆಗೆ ನಾನು ಹಿಂದೊಮ್ಮೆ ಬೇರೊಂದು ಮನೆಯಲ್ಲಿ, ಪೊರೆ ತೆಗೆಸಿ ಪ್ಲಾಸ್ಟಿಕ್ ಮಸೂರ ಹಾಕಿಸಿದ್ದೀರಲ್ಲ, ಅದೂ ಮುಂದಿನ ಜನ್ಮಕ್ಕೆ ಹೋಗುತ್ತದೆಯೇ ಎಂದು ಜಾಣತನದ ಉತ್ತರ ಕೊಟ್ಟು ಅಂಗಳದಿಂದ ಹೊರಗೆ ಕಳಿಸಿಕೊಂಡವನು. ಈ ಭಯಕ್ಕೆ ನಾನು ಉತ್ತರಿಸಬಾರದು, ಮೊದಲೇ ಕಣ್ಣು ಕೊಟ್ಟ ಮನೆಯ ಹಿರಿಯರು ಉತ್ತರಿಸಬೇಕು ಎಂಬುದು ಅಂದು ಕಲಿತ ಪಾಠ. ಹಟ್ಟಿಹೊಳೆಯ ಕಡೆಯಿಂದ ಒಬ್ಬರನ್ನು ನಾನು ಮೊದಲೇ ಜೀಪಿನಲ್ಲಿ ಕೂರಿಸಿಕೊಂಡು ಹೋಗಿದ್ದೆ. ಅವರು ಜಗಲಿಯಲ್ಲಿ ಕುಳಿತು ಏನು ಹೇಳಿದರು, ಎಷ್ಟು ಹೊತ್ತು ಸುಮ್ಮನಿದ್ದರು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಗುಂಪಿನ ಗುಟ್ಟು. ಕಾಫಿ ಲೋಟ ಖಾಲಿಯಾಗುವುದರೊಳಗೆ ಹಿರಿಯರು ಕೋವಿಯನ್ನು ಗೋಡೆಗೆ ಒರಗಿಸಿದ್ದರು.

ಅವರ ಎರಡನೆಯ ಪ್ರಶ್ನೆ ಮುಖ ಕೆಡುತ್ತದೆಯೇ ಎಂಬುದು, ಅದಕ್ಕೆ ನಾನೇ ಉತ್ತರಿಸಿದೆ. ಕಸಿಗೆ ಬೇಕಾದದ್ದು ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಮಾತ್ರ, ಅದರ ದಪ್ಪ ಅರ್ಧ ಮಿಲಿಮೀಟರಿನಷ್ಟು. ಕೆಲವು ತಂಡಗಳು ಆ ಪದರವನ್ನಷ್ಟೇ ತೆಗೆಯುತ್ತವೆ, ಕೆಲವು ಇಡೀ ಗುಡ್ಡೆ ತೆಗೆದು ಅದರ ಜಾಗದಲ್ಲಿ ಹತ್ತಿಯೋ ಪ್ಲಾಸ್ಟಿಕ್ ಹೊದಿಕೆಯೋ ಇಟ್ಟು ರೆಪ್ಪೆ ಮುಚ್ಚುತ್ತವೆ. ಎರಡರಲ್ಲಿಯೂ ಮುಖ ನಿದ್ದೆಯಲ್ಲಿರುವಂತೆಯೇ ಕಾಣುತ್ತದೆ. ಕೆಲಸ ಇಪ್ಪತ್ತು ನಿಮಿಷದ್ದು, ಒಳಕೋಣೆಯ ಬಾಗಿಲು ಹಾಕಿಕೊಂಡು ಮಾಡುತ್ತಾರೆ, ಮೀಯಿಸುವುದಕ್ಕಾಗಲಿ ಉಡಿಸುವುದಕ್ಕಾಗಲಿ ಅಡ್ಡಿಯಾಗುವುದಿಲ್ಲ. ಅರ್ಜಿ ಕೊಟ್ಟರೆ ಆಸ್ಪತ್ರೆಯವರು ಬೇಗ ಕೈಬಿಡುತ್ತಾರೆ ಎಂಬ ಅನುಮಾನವನ್ನು ಇನ್ನೊಬ್ಬರು ಎತ್ತಿದರು. ಕಣ್ಣನ್ನು ತೆಗೆಯುವುದು ಹೃದಯ ನಿಂತು ಸಾವು ದೃಢಪಟ್ಟ ಮೇಲೆ, ಚಿಕಿತ್ಸೆಗೆ ಯಾವ ಸಂಬಂಧವೂ ಇಲ್ಲದ ಬೇರೆ ತಂಡ ಎಂದು ವಿವರಿಸಿದೆ. ಅಜ್ಜಿಗೆ ಸಕ್ಕರೆ ಕಾಯಿಲೆ ಇತ್ತು, ಒಂದು ಕಣ್ಣಿನ ಪೊರೆ ತೆಗೆಸಿತ್ತು, ಕನ್ನಡಕವೂ ಇತ್ತು. ಇವು ಯಾವುವೂ ಅಡ್ಡಿಯಲ್ಲ.

ಅಡ್ಡಿಯಾಗುವುದು ಬೇರೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಹುಚ್ಚುನಾಯಿ ರೋಗ, ರಕ್ತಕ್ಕೆ ನಂಜೇರಿ ಆದ ಸಾವು, ರಕ್ತದ ಕ್ಯಾನ್ಸರ್, ಇವುಗಳಿದ್ದರೆ ತೆಗೆದುಕೊಳ್ಳುವುದಿಲ್ಲ. ಅದಕ್ಕಾಗಿಯೇ ತಂಡದವರು ಸ್ವಲ್ಪ ರಕ್ತವನ್ನೂ ಪರೀಕ್ಷೆಗೆ ಒಯ್ಯುತ್ತಾರೆ ಮತ್ತು ಆಸ್ಪತ್ರೆಯ ಕಾಗದಗಳನ್ನು ಕೇಳುತ್ತಾರೆ. ಒಮ್ಮೆ ಒಂದು ಮನೆಯಲ್ಲಿ ಡಿಸ್ಚಾರ್ಜ್ ಚೀಟಿ ಸಿಗದೆ ತಂಡ ಮುಕ್ಕಾಲು ಗಂಟೆ ಕಾದು, ಕೊನೆಗೆ ಸಿಕ್ಕಿದಾಗ ಅದರಲ್ಲಿ ನಂಜಿನ ವಿಷಯ ಬರೆದಿತ್ತು. ಅಂದಿನಿಂದ ಆ ಚೀಟಿಗಳೂ ಕ್ಯಾಲೆಂಡರಿನ ಮೊಳೆಗೇ, ಒಂದು ಪ್ಲಾಸ್ಟಿಕ್ ಚೀಲದಲ್ಲಿ. ಆನೆ ತುಳಿದೋ ಅಪಘಾತದಲ್ಲೋ ಸತ್ತರೆ ಶವಪರೀಕ್ಷೆಯಾಗಬೇಕಾಗುತ್ತದೆ. ಅಂಥಲ್ಲಿ ಪೊಲೀಸರ ಮತ್ತು ಶವಪರೀಕ್ಷೆ ಮಾಡುವ ವೈದ್ಯರ ಒಪ್ಪಿಗೆ ಪಡೆದು ಶವಾಗಾರದಲ್ಲಿಯೇ ಕಣ್ಣು ತೆಗೆಯಬಹುದು. ನಾನು ಎರಡು ಸಲ ಪ್ರಯತ್ನಿಸಿದೆ, ಎರಡೂ ಸಲ ಕಾಗದ ಮುಗಿಯುವಾಗ ಹೊತ್ತು ಮೀರಿತ್ತು. ಈ ವಿಷಯದಲ್ಲಿ ಗೆದ್ದವರು ಇದ್ದರೆ ನಾನು ಅವರಲ್ಲಿಗೆ ಹೋಗಿ ಕಲಿಯಲು ಸಿದ್ಧ.

ಮಾದಾಪುರದಲ್ಲಿ ನಿಜವಾಗಿ ನಮ್ಮನ್ನು ಹೆದರಿಸಿದ್ದು ಮರಣ ದೃಢೀಕರಣ. ವೈದ್ಯರು ಬಂದು ನೋಡಿ ಬರೆದುಕೊಡದಿದ್ದರೆ ತಂಡ ಬಂದೂ ಪ್ರಯೋಜನವಿಲ್ಲ. ಬರಬೇಕಾಗಿದ್ದ ವೈದ್ಯರ ಫೋನು ಆಫ್ ಆಗಿತ್ತು. ಹಾಳೆಯಲ್ಲಿ ಎರಡನೆಯ ವೈದ್ಯರ ನಂಬರ್ ಬರೆಸಿದ್ದು ಅಂದು ಕೆಲಸಕ್ಕೆ ಬಂತು, ಅವರು ಆರೂವರೆಗೆ ಬಂದರು. ತಂಡವನ್ನು ಕುಶಾಲನಗರದಲ್ಲಿ ಜೀಪಿಗೆ ಹತ್ತಿಸಿಕೊಂಡೆವು, ಏಕೆಂದರೆ ಅವರ ಕಾರು ಆ ತೋಟದ ಏರು ಹತ್ತುವುದಿಲ್ಲ. ಅವರು ಮನೆ ತಲುಪಿದಾಗ ಎಂಟೂಮುಕ್ಕಾಲು, ಅಂದರೆ ನಾಲ್ಕು ಗಂಟೆ ಕಳೆದಿತ್ತು. ಒಪ್ಪಿಗೆ ಪತ್ರಕ್ಕೆ ಮಗಳು ಸಹಿ ಹಾಕಿದಳು, ಸಾಕ್ಷಿಗೆ ಕೋವಿ ಹಿಡಿದಿದ್ದ ಹಿರಿಯರೇ ಸಹಿ ಹಾಕಿದರು. ಒಂಬತ್ತೂಕಾಲಿಗೆ ಐಸ್ ಪೆಟ್ಟಿಗೆ ಜೀಪಿನಲ್ಲಿತ್ತು, ಆಮೇಲೆ ಎರಡು ಗುಂಡು ಕೇಳಿಸಿತು.

ಮನೆಯವರಿಗೆ ಇದರಲ್ಲಿ ಒಂದು ರೂಪಾಯಿ ಖರ್ಚಿಲ್ಲ, ಒಂದು ರೂಪಾಯಿ ಬರುವುದೂ ಇಲ್ಲ, ಕಣ್ಣು ಮಾರುವುದು ಕೊಳ್ಳುವುದು ಕಾನೂನಿಗೆ ವಿರುದ್ಧ. ಜೀಪಿನ ಬಾಡಿಗೆ ಒಂದೂವರೆ ಸಾವಿರವನ್ನು ನಾವು ನಾಲ್ವರು ಹಂಚಿಕೊಂಡೆವು. ಕೆಲವು ದಿನ ಬಿಟ್ಟು ನೇತ್ರ ಬ್ಯಾಂಕಿನಿಂದ ತಿಳಿದದ್ದು, ಒಂದು ಕಾರ್ನಿಯಾ ಕಸಿಗೆ ಬಳಕೆಯಾಯಿತು, ಪೊರೆ ತೆಗೆಸಿದ್ದ ಕಣ್ಣಿನದರಲ್ಲಿ ಒಳಪದರದ ಜೀವಕೋಶಗಳು ಕಡಿಮೆಯಿದ್ದುದರಿಂದ ಅದು ತರಬೇತಿಗೆ ಹೋಯಿತು. ಯಾರಿಗೆ ಹಾಕಿದರು ಎಂಬುದನ್ನು ಹೇಳುವುದಿಲ್ಲ, ಅದನ್ನು ಮನೆಯವರಿಗೆ ಮೊದಲೇ ತಿಳಿಸಿರಬೇಕು, ಇಲ್ಲದಿದ್ದರೆ ಆಮೇಲೆ ಬೇಸರಿಸುತ್ತಾರೆ. ಎರಡೂ ಕಣ್ಣು ಕಸಿಗೆ ಬಂದೇ ಬರುತ್ತದೆ ಎಂದು ಮಾತು ಕೊಡುವುದನ್ನೂ ನಾನು ಬಿಟ್ಟಿದ್ದೇನೆ.

ನನ್ನ ಹಾಳೆ ಈಗ ಅರವತ್ತರ ಮೇಲೆ ಮನೆಗಳಲ್ಲಿದೆ. ಎರಡು ವರ್ಷದಲ್ಲಿ ಆ ಮನೆಗಳಲ್ಲಿ ಹನ್ನೊಂದು ಸಾವಾಗಿ, ಏಳು ಮನೆಗಳಿಂದ ಕಣ್ಣು ಹೋಗಿದೆ. ನಾನೂರು ಅರ್ಜಿಯ ಸೊನ್ನೆಯ ಪಕ್ಕದಲ್ಲಿ ಈ ಏಳನ್ನು ಇಟ್ಟು ಒಂದಿಷ್ಟು ಬೀಗಿದರೆ ತಪ್ಪಿಲ್ಲವೆಂದುಕೊಂಡಿದ್ದೇನೆ. ಪ್ರತಿ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಎಲ್ಲ ಮನೆಗಳಿಗೂ ಹೋಗಿ ನಂಬರುಗಳನ್ನು ಅಲ್ಲಿಂದಲೇ ಒತ್ತಿ ನೋಡುತ್ತೇನೆ. ಈ ಸಲ ಮಾದಾಪುರಕ್ಕೆ ಹೋದಾಗ ಆ ಹಿರಿಯರು ತಮ್ಮ ಸ್ವಂತ ಮನೆಗೂ ಒಂದು ಹಾಳೆ ಬೇಕೆಂದರು. ಅವರ ಮಗ ದುಬೈಯಲ್ಲಿದ್ದಾನೆ, ಅವನು ಇನ್ನೂ ಹೂಂ ಅಂದಿಲ್ಲವಾದ್ದರಿಂದ ಅದನ್ನು ನಾನು ಚೀಲದಲ್ಲಿಯೇ ಇಟ್ಟುಕೊಂಡು ಬಂದೆ.